ಅಳತೆ ಗಾಜು

ನಮ್ಮ ಮಾಸ್ತಿಕಟ್ಟೆಯ ಮಳೆಯ ಬಗ್ಗೆ ಎಷ್ಟು ಹೇಳಿದರೂ ಜನ ನಂಬುತ್ತಾರೆ. ಸುಳ್ಳು ಹೇಳಿದರೂ ನಂಬುತ್ತಾರೆ ಎನ್ನುವುದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದಿನ ಆಗಸ್ಟಿನಲ್ಲಿ. ಆ ಸುಳ್ಳನ್ನು ಹೇಳಿದವಳು ನಾನೇ. ಅದೂ ಸಹಿ ಹಾಕಿ, ವರದಿ ಮಾಡಿ.

ಆಗ ನಾನೊಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಗುಮಾಸ್ತೆಯಾಗಿದ್ದೆ. ಬೆಳಿಗ್ಗೆ ಎಂಟೂವರೆಗೆ ದಿನಗೂಲಿಯ ಹುಡುಗನೊಬ್ಬ ಮಳೆಮಾಪಕದ ಬಾಟಲಿಯ ನೀರನ್ನು ಗಾಜಿನಿಂದ ಅಳೆದು ಹೇಳುತ್ತಿದ್ದ, ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ತಿಂಗಳು ಮುಗಿದ ಮೇಲೆ ಕೂಡಿ, ಸರಾಸರಿ ತೆಗೆದು, ಹಿಂದಿನ ವರ್ಷದೊಂದಿಗೆ ಹೋಲಿಸಿ, ಪೇಟೆಯಲ್ಲಿದ್ದ ಮ್ಯಾನೇಜರರಿಗೆ ಇ-ಮೇಲ್ ಮಾಡಬೇಕು. ಜುಲೈ ವರದಿಯನ್ನು ಆಗಸ್ಟ್ 1ರಂದೇ ಕಳಿಸಿ ನಿಶ್ಚಿಂತಳಾಗಿದ್ದೆ. ಒಟ್ಟು ಮಳೆ 2,840 ಮಿ.ಮೀ., ಹಿಂದಿನ ಜುಲೈಗಿಂತ 530 ಹೆಚ್ಚು. ‘ಚೆನ್ನಾಗಿದೆ’ ಎಂಬ ಉತ್ತರವೂ ಬಂದಿತ್ತು.

ಐದನೆಯ ತಾರೀಖು ಬೇರೇನೋ ಪಟ್ಟಿಗಾಗಿ ಹುಲಿಕಲ್, ಮಾಣಿ, ಯಡೂರುಗಳ ಲೆಕ್ಕವನ್ನು ನಮ್ಮದರ ಪಕ್ಕ ಇಟ್ಟುಕೊಂಡೆ. ಹತ್ತಿರದ ಊರುಗಳ ಮಳೆ ಒಂದೇ ಆಗಿರುವುದಿಲ್ಲ, ಆದರೆ ಅಕ್ಕತಂಗಿಯರ ಹಾಗೆ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ಆ ತಿಂಗಳೂ ಹಾಗೇ ಇತ್ತು, 18ರಿಂದ 24ರವರೆಗಿನ ಏಳು ದಿನ ಬಿಟ್ಟು. ಆ ಏಳು ದಿನವೂ ನಮ್ಮದು ಉಳಿದವರ ಹೆಚ್ಚುಕಡಿಮೆ ಎರಡರಷ್ಟು. ಒಂದು ದಿನವಾದರೆ ಮೋಡ ನಮ್ಮ ತಲೆಯ ಮೇಲೇ ಒಡೆಯಿತು ಎನ್ನಬಹುದು. ಸತತ ಏಳು ದಿನ ಒಂದೇ ಅಳತೆಯಲ್ಲಿ ಪಕ್ಷಪಾತ ಮಾಡುವ ಮೋಡ ಇರುವುದಿಲ್ಲ.

ಆಗ ನೆನಪಾಯಿತು, ನಮ್ಮ ಅಳತೆ ಗಾಜು ಕೈಜಾರಿ ಒಡೆದಿತ್ತು. ಹೊಸದು ಬರುವವರೆಗೆ ಬೇರೆ ಕೇಂದ್ರದಿಂದ ಒಂದನ್ನು ತಂದುಕೊಂಡಿದ್ದೆವು. ಬೀರುವಿನಿಂದ ತೆಗೆದು ಹುಡುಗನ ಕೈಗೆ ಕೊಟ್ಟವಳು ನಾನೇ. ಈಗ ಕನ್ನಡಕ ಹಾಕಿಕೊಂಡು ನೋಡಿದರೆ ಅದರ ಮೇಲೆ 100 ಎಂದಿದೆ. ನಮ್ಮ ಮಾಪಕದ ಮೇಲಿರುವುದು 200.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಸಂಖ್ಯೆ ಮಳೆಯನ್ನು ಹಿಡಿಯುವ ಬಾಯಿಯ ವಿಸ್ತೀರ್ಣ, ಚದರ ಸೆಂಟಿಮೀಟರಿನಲ್ಲಿ. 200ರ ಬಾಯಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಬಾಟಲಿಯಲ್ಲಿ 20 ಮಿ.ಲೀ. ನೀರಾಗುತ್ತದೆ, 100ರ ಬಾಯಿಗೆ 10 ಮಿ.ಲೀ. ಗಾಜಿನ ಗೆರೆಗಳನ್ನು ಅದರ ಜೋಡಿ ಮಾಪಕಕ್ಕೆ ಹೊಂದುವಂತೆ ಹಾಕಿರುತ್ತಾರೆ. ದೊಡ್ಡ ಬಾಯಿಯ ನೀರನ್ನು ಸಣ್ಣ ಬಾಯಿಯ ಗಾಜಿನಲ್ಲಿ ಅಳೆದರೆ ಪ್ರತಿಯೊಂದೂ ಎರಡರಷ್ಟು ಬರುತ್ತದೆ. ಔಷಧಿ ಅಳೆಯುವ ಲೋಟದಿಂದ 100 ಮಿ.ಲೀ. ನೀರು ಸುರಿದು ನೋಡಿದೆ. ಹೊಸ ಗಾಜಿನಲ್ಲಿ 5 ಮಿ.ಮೀ., ಎರವಿನ ಗಾಜಿನಲ್ಲಿ 10. ಇನ್ನು ಸಂಶಯಕ್ಕೆ ಜಾಗವಿರಲಿಲ್ಲ.

ಬಯಲುಸೀಮೆಯಲ್ಲಾಗಿದ್ದರೆ ಎರಡರಷ್ಟು ಮಳೆ ಮೊದಲ ದಿನವೇ ಕೂಗಿಕೊಳ್ಳುತ್ತಿತ್ತು. ಇಲ್ಲಿ 232 ಮಿ.ಮೀ. ಎಂದು ಬರೆದರೆ, ‘ಹೌದು ಮಾರಾಯ್ತಿ, ರಾತ್ರಿಯಿಡೀ ಹೊಡೆಯಿತು’ ಎನ್ನುತ್ತಾರೆ. ಆ ದಿನ ಹುಡುಗ ಇಪ್ಪತ್ತಮೂರು ಸಲ ಗಾಜು ತುಂಬಿದ್ದ. ನಾನು ಒಂದೊಂದಕ್ಕೂ ಗೀಟು ಹಾಕಿದ್ದೆ, ಯೋಚಿಸಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೇಳಿ, “ಅರ್ಧ ಸೇರಿನಲ್ಲಿ ಅಳೆದು ಸೇರು ಅಂತ ಎಣಿಸಿದೆ ಅನ್ನು. ಕೊಂಡವರಿಗೆ ಹೇಳಿದ್ಯೇನೆ?” ಎಂದರು.

ಹೇಳಿರಲಿಲ್ಲ. ನನ್ನ ಗುತ್ತಿಗೆ ಸೆಪ್ಟೆಂಬರಿನಲ್ಲಿ ಮುಗಿಯುವುದರಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದೂ ನಿಜ. ರಾತ್ರಿ ಕೂತು ಬರೆದ ಮೊದಲ ಕರಡಿನಲ್ಲಿ ವಿಪರೀತ ಮಳೆಯಿತ್ತು, ಕರೆಂಟು ಹೋದದ್ದಿತ್ತು, ನಾಲ್ಕು ಕಡೆ ಕ್ಷಮೆಯಿತ್ತು, ‘ಅಳೆಯುವ ಹುಡುಗನ ಅಜಾಗರೂಕತೆಯಿಂದ’ ಎಂಬ ಮಾತೂ ಇತ್ತು. ಬೆಳಿಗ್ಗೆ ಓದಿದಾಗ ಎಲ್ಲ ಇತ್ತು, ತಪ್ಪೇನೆಂಬುದು ಮಾತ್ರ ಒಂಬತ್ತನೆಯ ಸಾಲಿನಲ್ಲಿತ್ತು. ಆ ಹುಡುಗನ ಮಾತಂತೂ ಓದುವಾಗಲೇ ನಾಚಿಕೆಯಾಯಿತು. ಆ ಒಂದು ಸಾಲಿಗೆ ಅವನ ಕೂಲಿ ಹೋಗುತ್ತಿತ್ತು. ಅಳಿಸಿ ಹೊಸದಾಗಿ ಬರೆಯಲು ಕೂತೆ.

ಅದಕ್ಕೂ ಮೊದಲು ಲೆಕ್ಕ ಪೂರ್ತಿಯಾಗಬೇಕಿತ್ತು. ಗಾಜು ಒಡೆದ ದಿನ 17. ಆದರೆ ಅಳೆಯುವ ಮುಂಚೆಯೋ ಆಮೇಲೋ? ಹುಡುಗನನ್ನು ಕೇಳಿದೆ. “ಅಳೆದು ತೊಳೀವಾಗ ಅಕ್ಕಾ” ಎಂದ. ಹಾಗಾದರೆ 17ರ ಅಂಕಿ ಸರಿ. ಹೊಸ ಗಾಜು ಬಂದದ್ದು 24ರ ಮಧ್ಯಾಹ್ನ, ಸಾಮಾನು ಪುಸ್ತಕದಲ್ಲಿ ತಾರೀಖಿತ್ತು. ಏಳು ದಿನದ 1,200 ಮಿ.ಮೀ. ನಿಜವಾಗಿ 600. ತಿಂಗಳ ಒಟ್ಟು 2,240. ಅಷ್ಟಕ್ಕೇ ನಿಲ್ಲಲಿಲ್ಲ. ಸರಾಸರಿ ದಿನಕ್ಕೆ 91.6ರಿಂದ 72.3ಕ್ಕೆ ಇಳಿಯಿತು. ಅತಿ ಹೆಚ್ಚು ಮಳೆಯ ದಿನ 22 ಅಲ್ಲ, 158 ಮಿ.ಮೀ. ಬಿದ್ದ 11. ಹಿಂದಿನ ವರ್ಷಕ್ಕಿಂತ 530 ಹೆಚ್ಚು ಎಂದಿದ್ದೆನಲ್ಲ, ಅದು 70 ಕಡಿಮೆ! ಒಂದು ಅಂಕಿಯನ್ನು ತಿದ್ದಿ ಅದರ ಬೆನ್ನಿಗೆ ಬಂದ ಮಾತುಗಳನ್ನು ಹಾಗೇ ಬಿಟ್ಟಿದ್ದರೆ ಎರಡನೆಯ ತಪ್ಪಾಗುತ್ತಿತ್ತು.

ಕೊನೆಗೆ ಕಳಿಸಿದ್ದು ಇಷ್ಟು. ವಿಷಯ ಎಂಬಲ್ಲಿ, ‘ಜುಲೈ ಮಳೆ ವರದಿಯಲ್ಲಿ ತಪ್ಪು: ತಿದ್ದಿದ ವರದಿ ಲಗತ್ತಿಸಿದೆ’.

“ಮಾನ್ಯರೇ, ಆಗಸ್ಟ್ 1ರಂದು ನಾನು ಕಳಿಸಿದ ವರದಿಯಲ್ಲಿ ಜುಲೈ 18ರಿಂದ 24ರವರೆಗಿನ ಅಂಕಿಗಳು ನಿಜದ ಎರಡರಷ್ಟಿವೆ. ತಿಂಗಳ ಒಟ್ಟು 2,840 ಅಲ್ಲ, 2,240 ಮಿ.ಮೀ. 200ರ ಮಾಪಕಕ್ಕೆ 100ರ ಗಾಜನ್ನು ಬಳಸಿದ್ದು ಕಾರಣ. ಗಾಜನ್ನು ಪರೀಕ್ಷಿಸದೆ ಕೊಟ್ಟವಳು ನಾನು. 100 ಮಿ.ಲೀ. ನೀರಿನಿಂದ ಎರಡೂ ಗಾಜುಗಳನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ. ಉಳಿದ 24 ದಿನಗಳ ಅಂಕಿಗಳು ಸರಿಯಾಗಿವೆ. ಬದಲಾದ ಸಾಲುಗಳನ್ನು ಹಳೆಯದು, ಹೊಸದು ಎಂದು ಪಕ್ಕಪಕ್ಕ ಕೊಟ್ಟಿದ್ದೇನೆ. ಹಳೆಯ ವರದಿ ಯಾರಿಗೆಲ್ಲ ಹೋಗಿದೆಯೋ ತಿಳಿಸಿದರೆ ಇದನ್ನೂ ಅವರಿಗೆ ಕಳಿಸುತ್ತೇನೆ.”

ಅದರ ಕೆಳಗೆ, ಮತ್ತೆ ಆಗದಂತೆ ಏನು ಮಾಡಿದೆ ಎಂಬುದು. ‘ಮುಂದೆ ಎಚ್ಚರ ವಹಿಸುತ್ತೇನೆ’ ಎಂದು ಬರೆಯಲು ಕೈ ಹೋಗಿತ್ತು. ಆದರೆ ಎಚ್ಚರವಿಲ್ಲದೆ ಮಾಡಿದ ತಪ್ಪೇ ಅಲ್ಲ ಅದು, ಗೀಟು ಹಾಕುತ್ತ ಎಚ್ಚರದಿಂದಲೇ ಮಾಡಿದ್ದು. ಆದ್ದರಿಂದ ಮೂರೇ ಕೆಲಸ ಬರೆದೆ. ಎರವಿನ ಗಾಜನ್ನು ಇವತ್ತೇ ವಾಪಸು ಕಳಿಸಿದ್ದೇನೆ. ಗಾಜು ಬದಲಾದಾಗಲೆಲ್ಲ, ಇಲ್ಲದಿದ್ದರೂ ತಿಂಗಳ ಒಂದನೆಯ ತಾರೀಖು, 100 ಮಿ.ಲೀ. ಸುರಿದು 5 ಬಂತೆಂದು ಷರಾ ಬರೆಯುತ್ತೇವೆ. ವರದಿ ಕಳಿಸುವ ಮುನ್ನ ಪಕ್ಕದ ಮೂರು ಊರುಗಳ ದಿನವಾರು ಅಂಕಿಯೊಂದಿಗೆ ಹೋಲಿಸಿ, ಸತತ ಮೂರು ದಿನ ಹೊಂದದಿದ್ದರೆ ವರದಿ ನಿಲ್ಲಿಸಿ ಮಾಪಕ ನೋಡುತ್ತೇನೆ.

ಎಣಿಕೆ ತಪ್ಪಿದ್ದರೆ, ಹತ್ತು ಗಾಜು ಸುರಿದು ಒಂಬತ್ತು ಗೀಟು ಹಾಕಿದ್ದರೆ, ಇದ್ಯಾವುದೂ ಹಿಡಿಯಲಾರದು. ಸುರಿದ ನೀರು ಹೋಯಿತು ಅಷ್ಟೆ. ನನ್ನ ಪುಣ್ಯಕ್ಕೆ ನನ್ನದು ಎಲ್ಲ ದಿನವೂ ಒಂದೇ ರೀತಿ ಮಾಡಿದ ತಪ್ಪು, ಎರಡರಿಂದ ಭಾಗಿಸಿದರೆ ತಿದ್ದಿಕೊಂಡಿತು.

ಮಳೆಗೆ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಇ-ಮೇಲ್ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಂಜೆ ಉತ್ತರ ಬಂತು. “ತಲುಪಿತು. ಹಳೆಯದು ಮೂರು ಕಡೆ ಹೋಗಿದೆ, ನಾನೇ ತಿಳಿಸುತ್ತೇನೆ. ಗಾಜು ಪರೀಕ್ಷಿಸುವ ವಿಧಾನವನ್ನು ಉಳಿದ ಕೇಂದ್ರಗಳಿಗೂ ಬರೆದು ಕಳಿಸಿ.” ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಸೆಪ್ಟೆಂಬರಿನ ಗುತ್ತಿಗೆ ಅದರಷ್ಟಕ್ಕೆ ಮುಂದುವರಿಯಿತು.

ಮರುವರ್ಷ ಜೂನ್ 1ರ ಬೆಳಿಗ್ಗೆ ನಾನು ಛತ್ರಿ ಮಡಿಸಿ ಒಳಗೆ ಬರುವಷ್ಟರಲ್ಲಿ ಹುಡುಗ ಔಷಧಿಯ ಲೋಟ ಹಿಡಿದು ನಿಂತಿದ್ದ. “ಅಕ್ಕಾ, ಐದು ಬಂತು, ಬರ್ಕೊಳ್ಳಿ” ಎಂದ.

ಬರೆದುಕೊಂಡೆ.