ಕುಂಡದಲ್ಲಿ ಕಾಫಿ – ಭಾಗ 4: ಹಣ್ಣು ಬಿಡುತ್ತಾ?

ಹೋದ ಸಲ ಹೂವಿನ ಫೋಟೋ ಹಾಕಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ಹೂವೇನೋ ಸರಿ, ಹಣ್ಣು ಬಿಡುತ್ತಾ?" ಬಿಡುತ್ತೆ. ಈಗ ನಮ್ಮ ಬಾಲ್ಕನಿ ಗಿಡದಲ್ಲಿ 31 ಕಾಯಿ ಇವೆ, ದಿನಾ ಎಣಿಸ್ತೀನಿ. ಆದ್ರೆ ಎಲ್ಲರ ಗಿಡದಲ್ಲೂ ಬಿಡಲ್ಲ. ಅದಕ್ಕೆ ಕಾರಣ ಗೊಬ್ಬರ ಅಲ್ಲ, ಕೈಗುಣಾನೂ ಅಲ್ಲ.

ಮೊದಲು ಈ ಗಿಡ ಯಾವುದು ಅಂತ ಹೇಳ್ಬೇಕು. ಮೂಡಿಗೆರೆ ಹತ್ರ ಅಜ್ಜನ ತೋಟದಲ್ಲಿ ಒಂದು ಪಟ್ಟಿ ಅರೇಬಿಕಾ ಇತ್ತು. ಅದಕ್ಕೆ ಬಿಳಿ ಕಾಂಡಕೊರಕ ಬಿತ್ತು. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತೆ, ಎಲೆ ಹಳದಿಯಾಗಿ ಗಿಡ ಸೊರಗುತ್ತೆ, ಕೊನೆಗೆ ಕಿತ್ತು ಸುಡೋದೇ ಗತಿ. ರೋಬಸ್ಟಾಗೆ ಈ ಹುಳುವಿನ ಕಾಟ ಇಲ್ಲ. ಅಜ್ಜ ಹೋದ ಮೇಲೆ ಮಾವ ಆ ಪಟ್ಟಿಯನ್ನೆಲ್ಲ ಕೀಳಿಸಿ ರೋಬಸ್ಟಾ ಹಾಕ್ಸಿದ್ರು. ಅವರದ್ದು ತಪ್ಪು ಅಂತ ನಾನು ಹೇಳಲ್ಲ, ತೋಟ ಉಳೀಬೇಕಲ್ಲ. ಕೀಳೋಕೆ ಮುಂಚೆ ಬುಡದಲ್ಲಿ ತಾನಾಗೇ ಹುಟ್ಟಿದ್ದ ಗೇಣುದ್ದದ ಒಂದು ಸಸಿಯನ್ನು ಮಣ್ಣಿನ ಸಮೇತ ತೆಗೆದು ಬೆಂಗಳೂರಿಗೆ ತಂದೆ. ಆ ಪಟ್ಟಿಯಲ್ಲಿ ಉಳಿದಿರೋದು ಇದೊಂದೇ.

ತಂದ ಮೇಲೆ ಅಜ್ಜಿ ಫೋನಲ್ಲಿ ಕೇಳಿದ್ದು ನೀರಿನ ವಿಷಯ ಅಲ್ಲ. "ಅದು ಅರೇಬಿಕಾನೇ ಹೌದೇನೇ? ಪಕ್ಕದ ರೋಬಸ್ಟಾ ಬೀಜ ಉದುರಿ ಹುಟ್ಟಿದ್ದಲ್ಲ ತಾನೆ?" ಆಗ ಗೊತ್ತಾಗ್ಲಿಲ್ಲ, ಇಡೀ ಕಥೆ ಈ ಪ್ರಶ್ನೆ ಮೇಲೇ ನಿಂತಿದೆ ಅಂತ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತೆ. ಒಂದೇ ಗಿಡ ಸಾಕು, ಜೇನು ಬರಬೇಕಂತಿಲ್ಲ, ಬ್ರಶ್ ಹಿಡ್ಕೊಂಡು ಹೂವಿಂದ ಹೂವಿಗೆ ಓಡಾಡೋದೂ ಬೇಡ. ರೋಬಸ್ಟಾ ಹಾಗಲ್ಲ. ತನ್ನ ಪರಾಗವನ್ನು ಅದು ತಾನೇ ಒಪ್ಪಲ್ಲ, ಬೇರೆ ಗಿಡದ್ದೇ ಬೇಕು. ನಮ್ಮ ಕ್ಲಾಸಿನ ಒಬ್ಬಳ ಮನೆಯಲ್ಲಿ ಎರಡು ವರ್ಷದಿಂದ ಗಿಡದ ತುಂಬ ಹೂವು, ಒಂದೂ ಕಾಯಿಲ್ಲ. ಹೋಗಿ ನೋಡಿದ್ರೆ ಒಂಟಿ ರೋಬಸ್ಟಾ. ಅದೇ ಗಿಡದ ಕೊಂಬೆ ನೆಟ್ಟು ಎರಡು ಮಾಡಿದ್ರೂ ಉಪಯೋಗ ಇಲ್ಲ, ಯಾಕಂದ್ರೆ ಅದೂ ಅದೇ ಗಿಡ. ಬೇರೆ ಬೀಜದಿಂದ ಬಂದದ್ದು ಪಕ್ಕದಲ್ಲಿರಬೇಕು, ಎರಡೂ ಒಟ್ಟಿಗೇ ಹೂವು ಬಿಡಬೇಕು.

ಎಲೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಬಲಿತ ಎಲೆ ನೋಡಿ, ಚಿಗುರು ಬೇಡ. ರೋಬಸ್ಟಾದ್ದು ದೊಡ್ಡದು, ಅಗಲ, ಏರುತಗ್ಗಾಗಿ ಅಲೆ ಅಲೆಯಾಗಿರುತ್ತೆ. ಅರೇಬಿಕಾದ್ದು ಚಿಕ್ಕದು, ಕಿರಿದು, ಕಡು ಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ. ನಮ್ಮದರ ಎಲೆ ಫೋಟೋ ಕಳಿಸಿದಾಗ ಅಜ್ಜಿ ಬರೀ "ಹ್ಞೂಂ, ನಮ್ದೇ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಬೆಳಕಿನ ವಿಷಯಕ್ಕೆ ಬರೋಣ. ತೋಟದಲ್ಲಿ ಕಾಫಿ ಸಿಲ್ವರ್ ಓಕ್, ಹಾಲುವಾಣದ ನೆರಳಲ್ಲಿ ಬೆಳೆಯುತ್ತೆ ಅಂತ ಕೆಲವರು ಕುಂಡವನ್ನು ಹಾಲ್‌ನ ಮೂಲೆಗೆ ಇಡ್ತಾರೆ. ಮರದ ನೆರಳು ಬೇರೆ, ಗೋಡೆಯ ನೆರಳು ಬೇರೆ. ಮರದ ಕೆಳಗೆ ದಿನವಿಡೀ ಚುಕ್ಕಿ ಚುಕ್ಕಿ ಬಿಸಿಲು ಬೀಳ್ತಾನೇ ಇರುತ್ತೆ. ಬೆಳಕು ಸಾಲ್ತಾ ಇಲ್ಲ ಅಂತ ಗಿಡವೇ ಹೇಳುತ್ತೆ: ಒಂದು ಗಿಣ್ಣಿಂದ ಇನ್ನೊಂದು ಗಿಣ್ಣಿನ ಅಂತರ ಉದ್ದ ಆಗ್ತಾ ಹೋಗುತ್ತೆ. ಹೂವು ಬರೋದು ಈ ಗಿಣ್ಣುಗಳಲ್ಲೇ, ಹಾಗಾಗಿ ಗಿಣ್ಣು ಕಮ್ಮಿ ಆದ್ರೆ ಹೂವೂ ಕಮ್ಮಿ. ನಮ್ಮದು ಪೂರ್ವದ ಬಾಲ್ಕನಿ, ಬೆಳಗ್ಗೆ ಹತ್ತೂವರೆವರೆಗೆ ಬಿಸಿಲು. ಪಶ್ಚಿಮದ ಬಾಲ್ಕನಿಯಾದ್ರೆ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಎಲೆ ಮೇಲೆ ಕಂದು ಸುಟ್ಟ ಕಲೆ ಬೀಳುತ್ತೆ, ಹಸಿರು ಬಲೆ ಕಟ್ಟಿ.

ಈಗ ನೀರು. ಇದನ್ನ ಸ್ವಲ್ಪ ನಿಧಾನವಾಗಿ ಓದಿ.

ಮಲೆನಾಡಲ್ಲಿ ಫೆಬ್ರವರಿ ಬಂತಂದ್ರೆ ಎಲ್ಲರೂ ಆಕಾಶ ನೋಡ್ತಾರೆ. ಕಾಫಿ ಮೊಗ್ಗು ಅಷ್ಟು ಹೊತ್ತಿಗೆ ಗಿಣ್ಣುಗಳಲ್ಲಿ ಕೂತಿರುತ್ತೆ, ಸಣ್ಣ ಹಸಿರು ಕಡ್ಡಿಗಳ ಹಾಗೆ, ಬೆಳೆಯದೆ ನಿದ್ದೆಯಲ್ಲಿ. ಅದು ಎದ್ದೇಳೋಕೆ ಎರಡು ಬೇಕು: ಮೊದಲು ಕೆಲವು ವಾರದ ಒಣಗು, ಆಮೇಲೆ ಒಂದೇ ಸಲ ಚೆನ್ನಾಗಿ ನೆನೆಯೋ ಮಳೆ. ಅದೇ ಹೂಮಳೆ. ಸುಮಾರು ಒಂದಿಂಚು ಬಿದ್ರೆ ಎಂಟ್ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಅರ್ಧಂಬರ್ಧ ಬಿದ್ರೆ ಹೂವು ಸರಿಯಾಗಿ ಅರಳಲ್ಲ, ಆ ವರ್ಷದ ಫಸಲಿಗೇ ಪೆಟ್ಟು. ಅದಕ್ಕೇ ನಮ್ಮ ಕಡೆ ಮಳೆ ಬಂದ ಮರುದಿನ ಫೋನ್ ಮಾಡಿದ್ರೆ "ಚೆನ್ನಾಗಿದೀರಾ" ಅನ್ನೋಕೆ ಮುಂಚೆ "ಎಷ್ಟು ಸೆಂಟು?" ಅಂತಾರೆ. ನೂರು ಸೆಂಟು ಅಂದ್ರೆ ಒಂದಿಂಚು.

ಬಾಲ್ಕನಿಯಲ್ಲಿ ನಾವು ದಿನಾ ಪ್ರೀತಿಯಿಂದ ಒಂದೊಂದು ಲೋಟ ನೀರು ಹಾಕ್ತಿದ್ರೆ ಗಿಡಕ್ಕೆ ಈ ಒಣಗೂ ಇಲ್ಲ, ಆ ಮಳೆಯೂ ಇಲ್ಲ. ಎಲೆ ಚೆನ್ನಾಗಿರುತ್ತೆ, ಹೂವು ಅಲ್ಲೊಂದು ಇಲ್ಲೊಂದು.

ಈ ವರ್ಷ ಗಿಡಕ್ಕೆ ನಾಲ್ಕು ವರ್ಷ ತುಂಬಿತ್ತು, ಮೂರೂವರೆ ಅಡಿ ಎತ್ತರ. ಜನವರಿ ಮಧ್ಯದಲ್ಲಿ ಮೊಗ್ಗು ಕಂಡ ಮೇಲೆ ದಿನದ ನೀರು ನಿಲ್ಲಿಸಿದೆ. ತೋಟದ ನೆಲದ ಹಾಗೆ ಕುಂಡದ ಮಣ್ಣಲ್ಲಿ ತೇವ ಉಳಿಯಲ್ಲ, ಪೂರ್ತಿ ನಿಲ್ಸಿದ್ರೆ ಗಿಡ ಸತ್ತೇ ಹೋಗುತ್ತೆ. ಹಾಗಾಗಿ ಲೆಕ್ಕ ಇಟ್ಟಿದ್ದು ಎಲೆ ಮೇಲೆ. ಸಂಜೆ ಹೊತ್ತಿಗೆ ಎಲೆ ಜೋತುಬಿದ್ದು ಬೆಳಗ್ಗೆ ತಾನೇ ಎದ್ದು ನಿಂತ್ರೆ ಸರಿ. ಬೆಳಗ್ಗೆಯೂ ಜೋತಿದ್ರೆ ಅರ್ಧ ಲೋಟ, ಅಷ್ಟೇ. (ನೀರು ಜಾಸ್ತಿಯಾಗಿ ಬೇರು ಕೊಳೆತ್ರೂ ಎಲೆ ಹೀಗೇ ಜೋಲುತ್ತೆ. ಬೆರಳನ್ನು ಎರಡು ಗಿಣ್ಣು ಆಳಕ್ಕೆ ಚುಚ್ಚಿ ನೋಡಿ, ಒದ್ದೆ ಇದ್ರೆ ನೀರು ಹಾಕಲೇಬೇಡಿ.) ಅಮ್ಮ ಮಾತ್ರ ದಿನಾ "ಪಾಪ ಕಣೇ ಅದು" ಅಂತ ಚೊಂಬು ಹಿಡಿದು ಬರೋರು. ಗಿಡಕ್ಕಿಂತ ಅವರನ್ನು ತಡೆಯೋದೇ ಕಷ್ಟವಾಯ್ತು.

ಮಾರ್ಚ್ ಮೊದಲ ಭಾನುವಾರ ನಮ್ಮ ಬಾಲ್ಕನಿಯ ಹೂಮಳೆ. ನಮ್ಮ ಕುಂಡದ ಬಾಯಿ 14 ಇಂಚು ಅಗಲ. ಅದರ ಮೇಲೆ ಒಂದಿಂಚು ಮಳೆ ಅಂದ್ರೆ ಸುಮಾರು ಎರಡೂವರೆ ಲೀಟರ್. ಅಷ್ಟನ್ನೂ ಅರ್ಧ ಗಂಟೆಯಲ್ಲಿ ನಿಧಾನಕ್ಕೆ, ತಳದ ತೂತಿಂದ ಹರಿಯೋವರೆಗೆ ಹಾಕಿದೆ. ನಾಲ್ಕನೇ ದಿನ ಮೊಗ್ಗು ಊದಿಕೊಂಡಿತು, ಏಳನೇ ದಿನ ಬಿಳಿ. ಒಂಬತ್ತನೇ ದಿನ ಬೆಳಗ್ಗೆ ಬಾಗಿಲು ತೆಗೆದ್ರೆ ಮಲ್ಲಿಗೆ ಥರದ ಘಮ. ಮೂರನೇ ದಿನಕ್ಕೆ ಎಲ್ಲ ಕಂದಾಗಿ ಬಾಡ್ತು, ಅದು ಸಹಜ, ಗಾಬರಿ ಬೇಡ. ಅಲ್ಲಿಂದ ಮತ್ತೆ ಎಂದಿನಂತೆ ನೀರು. ಈಗ ಒಣಗಿಸಿದ್ರೆ ಪುಟಾಣಿ ಕಾಯಿ ಉದುರಿಹೋಗುತ್ತೆ.

ಆಮೇಲಿನ ಎರಡು ತಿಂಗಳು ಏನೂ ಆಗ್ತಿಲ್ಲ ಅನ್ಸುತ್ತೆ. ಕಾಯಿ ಗುಂಡುಸೂಜಿ ತಲೆಯಷ್ಟೇ ಇರುತ್ತೆ. ಮಳೆಗಾಲದಲ್ಲಿ ದಪ್ಪ ಆಗುತ್ತೆ. ಅರೇಬಿಕಾ ಹೂವಿಂದ ಹಣ್ಣಿಗೆ ಎಂಟೊಂಬತ್ತು ತಿಂಗಳು, ಅಂದ್ರೆ ನಮ್ಮದು ನವೆಂಬರ್-ಡಿಸೆಂಬರ್‌ಗೆ ಕೆಂಪಾಗಬೇಕು.

ಕಾಫಿ ಕುಡಿಯೋಕೆ ಆಗುತ್ತಾ ಅಂತ ಕೇಳೋರಿಗೆ ಲೆಕ್ಕ: ಒಂದು ಹಣ್ಣಲ್ಲಿ ಸಾಮಾನ್ಯವಾಗಿ ಎರಡು ಬೀಜ, 31 ಹಣ್ಣಿಗೆ ಅರವತ್ತು ಚಿಲ್ಲರೆ. ಹುರಿದು ಪುಡಿ ಮಾಡಿದ್ರೆ ಒಂಬತ್ತು ಗ್ರಾಂ ಬಂದ್ರೆ ಹೆಚ್ಚು. ಒಂದು ಲೋಟ ಫಿಲ್ಟರ್ ಕಾಫಿ, ಅಷ್ಟೇ. ನಾಲ್ಕು ವರ್ಷಕ್ಕೆ.

ಅದನ್ನೂ ನಾವು ಕುಡಿಯಲ್ಲ. ಕಾಫಿ ಬೀಜ ಇಟ್ಟಷ್ಟೂ ಮೊಳೆಯೋ ಶಕ್ತಿ ಕಳ್ಕೊಳ್ಳುತ್ತೆ, ಅಂಗಡಿಯ ಹುರಿದ ಬೀಜವಂತೂ ಹುಟ್ಟೋದೇ ಇಲ್ಲ. ಹಾಗಾಗಿ ಹಣ್ಣು ಕಿತ್ತ ವಾರವೇ ಸಿಪ್ಪೆ ತೆಗೆದು, ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ನೆರಳಲ್ಲಿ ಆರಿಸಿ ಮರಳಲ್ಲಿ ಬಿತ್ತಬೇಕು. ಮಾವ ತೋಟದ ಮನೆ ಹಿಂದೆ ಒಂದು ಮಡಿ ಬಿಟ್ಟುಕೊಡ್ತೀನಿ ಅಂದಿದ್ದಾರೆ. ಕಾಂಡಕೊರಕ ಮತ್ತೆ ಬರಬಹುದು ಅಂತಲೂ ಹೇಳಿದ್ರು. ಅಜ್ಜಿ ಆಗಲೇ ಮರಳು ಜರಡಿ ಹಿಡಿಸಿ ಇಟ್ಟಿದ್ದಾರೆ.