ಹಸಿರು ಪದಗಳ ಲೆಕ್ಕ

ಐನೂರರ ನೋಟನ್ನು ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಮಸುಕಾಗಿ ಕಾಣುತ್ತದೆ. ನೋಟು ಅಸಲಿಯೋ ನಕಲಿಯೋ ಎಂದು ತಿಳಿಯಲು ಆ ವಾಟರ್‌ಮಾರ್ಕ್ ನೆರವಾಗುತ್ತದೆ. ಆದರೆ ನೋಟು ನಿಮ್ಮ ಜೇಬಿಗೆ ಸಂಬಳವಾಗಿ ಬಂತೋ ಲಂಚವಾಗಿ ಬಂತೋ ಎಂಬುದನ್ನು ಅದು ಹೇಳಲಾರದು. ಯಂತ್ರ ಬರೆದ ಬರಹಕ್ಕೂ ಈಗ ಇಂಥದೊಂದು ಗುರುತು ಹಾಕುವ ವಿಧಾನಗಳು ಬಂದಿವೆ. ಅಮೆರಿಕದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, ವಿದ್ಯಾರ್ಥಿಗಳ ಮೇಲಿನ ನಕಲು ದೂರುಗಳನ್ನು ವಿಚಾರಿಸುವ ಸಮಿತಿಯಲ್ಲೂ ಇದ್ದೇನೆ. "ಈ ಗುರುತು ಎಲ್ಲ ಕಡೆ ಬಂದುಬಿಟ್ಟರೆ ನಮ್ಮ ಕೆಲಸ ಒಂದು ನಿಮಿಷದ್ದು" ಎಂದು ಸಹೋದ್ಯೋಗಿಯೊಬ್ಬರು ಸಭೆಯಲ್ಲಿ ಹೇಳಿದಾಗ, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವ ಹೊಣೆ ನನ್ನ ಪಾಲಿಗೆ ಬಂತು.

ನಾನು ಆರಿಸಿಕೊಂಡದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಕಿರ್ಚೆನ್‌ಬಾವರ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ವಿಧಾನ. ಯಂತ್ರ ಒಂದೊಂದೇ ಪದವನ್ನು ಆರಿಸುತ್ತಾ ಬರೆಯುತ್ತದೆ. "ಮಳೆ ಬಂದು ರಸ್ತೆ" ಎಂದಾದ ಮೇಲೆ "ಒದ್ದೆಯಾಯಿತು", "ನೆನೆಯಿತು", "ಕೆಸರಾಯಿತು" ಎಲ್ಲವೂ ಒಗ್ಗುತ್ತವೆ. ಆಗ ಹಿಂದಿನ ಪದವನ್ನೂ ಒಂದು ಗುಟ್ಟಿನ ಸಂಖ್ಯೆಯನ್ನೂ ಸೇರಿಸಿ, ಯಂತ್ರದ ಇಡೀ ಪದಕೋಶವನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡುತ್ತಾರೆ: ಅರ್ಧ ಹಸಿರು, ಅರ್ಧ ಕೆಂಪು. ಹಸಿರು ಪದಗಳಿಗೆ ತುಸು ಹೆಚ್ಚು ಅಂಕ ಕೊಡುತ್ತಾರೆ. ಮುಂದಿನ ಪದಕ್ಕೆ ಮತ್ತೆ ಹೊಸ ವಿಂಗಡಣೆ. ಓದುಗನಿಗೆ ಏನೂ ಗೊತ್ತಾಗುವುದಿಲ್ಲ. ಗುಟ್ಟಿನ ಸಂಖ್ಯೆ ಇದ್ದವರು ಮಾತ್ರ ಅದೇ ವಿಂಗಡಣೆಯನ್ನು ಮತ್ತೆ ಮಾಡಿ ಹಸಿರು ಪದಗಳನ್ನು ಎಣಿಸಬಲ್ಲರು.

ಗುಟ್ಟು ಗೊತ್ತಿಲ್ಲದ ಮನುಷ್ಯ 200 ಪದ ಬರೆದರೆ ಸುಮಾರು 100 ಹಸಿರು ಬೀಳುತ್ತವೆ, ಏಳೆಂಟು ಆಚೀಚೆ. ನಾಣ್ಯ ಚಿಮ್ಮಿದ ಹಾಗೆ. 140 ಹಸಿರು ಸಿಕ್ಕಿದವೆನ್ನಿ. ಇದು ಆಕಸ್ಮಿಕವಾಗಿ ಆಗುವುದು ಕೋಟಿಗೊಂದು ಸಲಕ್ಕಿಂತಲೂ ಕಡಿಮೆ. ಇಷ್ಟು ಕೇಳಿ ಸಹೋದ್ಯೋಗಿಯ ಮುಖ ಅರಳಿತು.

ಅದೇ ಪ್ರಮಾಣವನ್ನು 40 ಪದಗಳ ಸಣ್ಣ ಉತ್ತರಕ್ಕೆ ಹಾಕಿ ನೋಡೋಣ ಎಂದೆ. ಈಗ 28 ಹಸಿರು. ಶೇಕಡಾ ಎಪ್ಪತ್ತೇ, ಆದರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಹಸಿರು ಆಕಸ್ಮಿಕವಾಗಿ ಬೀಳುವುದು ಸುಮಾರು 120ಕ್ಕೆ ಒಂದು ಸಲ. 300 ವಿದ್ಯಾರ್ಥಿಗಳ ತರಗತಿಯಲ್ಲಿ, ಎಲ್ಲರೂ ಸ್ವಂತವಾಗಿ ಬರೆದಿದ್ದರೂ, ಎರಡು ಮೂರು ಮಂದಿ ಸಿಕ್ಕಿಬೀಳುತ್ತಾರೆ. ಇನ್ನು ಗುರುತು ಸಿಗಲಿಲ್ಲವೆಂದರೆ ವಿದ್ಯಾರ್ಥಿಯೇ ಬರೆದನೆಂದೂ ಅಲ್ಲ. ಗುಟ್ಟಿನ ಸಂಖ್ಯೆ ಕಂಪನಿಗೊಂದು. ಗುರುತೇ ಹಾಕದ ಯಂತ್ರಗಳೂ ಇವೆ. ವಾಕ್ಯಗಳನ್ನು ಚೆನ್ನಾಗಿ ತಿರುಗಿಸಿ ಬರೆದರೆ ಹಸಿರಿನ ಲೆಕ್ಕ ಮತ್ತೆ ಅರ್ಧದ ಕಡೆಗೆ ಜಾರುತ್ತದೆ.

"ಸರಿ, ಉದ್ದದ ಪ್ರಬಂಧ, 140 ಹಸಿರು. ಆಗಲಾದರೂ ತಪ್ಪಿತಸ್ಥ ಅನ್ನಬಹುದಲ್ಲ?" ಎಂದರು ಅವರು.

ಆಗ ನಮ್ಮ ಮುಂದೆಯೇ ಇದ್ದ ದೂರನ್ನು ತೆಗೆದುಕೊಂಡೆ. ತುಮಕೂರು ಕಡೆಯ ಹುಡುಗಿ, ಎಂ.ಎಸ್. ಓದಲು ಬಂದವಳು. ತನ್ನೂರಿನ ಕೆರೆಯ ಹೂಳಿನ ಬಗ್ಗೆ ಬರೆದ ಪ್ರಬಂಧದ ಇಂಗ್ಲಿಷು ಅವಳ ಮಾತಿಗಿಂತ ತೀರಾ ನಯವಾಗಿದೆ ಎಂಬುದಷ್ಟೇ ದೂರು. ವಿಚಾರಣೆಯಲ್ಲಿ ಅವಳು ನೋಟ್‌ಬುಕ್ ತಂದಿದ್ದಳು. ಒಂಬತ್ತು ಪುಟ, ಕನ್ನಡದಲ್ಲಿ, ಕಾಟು ಹೊಡೆದು ತಿದ್ದಿದ್ದು. "ಸರ್, ಮೊದಲು ಕನ್ನಡದಲ್ಲಿ ಬರೆದೆ. ಆಮೇಲೆ ಯಂತ್ರದ ಹತ್ತಿರ ಇಂಗ್ಲಿಷ್ ಮಾಡಿಸಿದೆ. ಅದು ತಪ್ಪಾ?" ಎಂದು ನನ್ನನ್ನೇ ಕೇಳಿದಳು. ತೂಬು, ಕೋಡಿ, ಹೂಳೆತ್ತಿದ ಮಣ್ಣನ್ನು ರೈತರು ಗದ್ದೆಗೆ ಹೊಡೆದುಕೊಂಡದ್ದು, ಎಲ್ಲ ಆ ಪುಟಗಳಲ್ಲಿತ್ತು.

ಅವಳು ಬಳಸಿದ ಯಂತ್ರ ಗುರುತು ಹಾಕುವಂಥದ್ದಾಗಿದ್ದರೆ ಆ ಇಂಗ್ಲಿಷಿನಲ್ಲಿ ಹಸಿರು ತುಂಬಿರುತ್ತಿತ್ತು. ಲೆಕ್ಕ ಸುಳ್ಳಾಗುತ್ತಿರಲಿಲ್ಲ, ಆ ಇಂಗ್ಲಿಷ್ ಪದಗಳನ್ನು ಯಂತ್ರವೇ ಆರಿಸಿದ್ದು. ಆದರೆ ಕೆರೆಯ ವಿಚಾರ ಯಾರದು, ಯಂತ್ರಕ್ಕೆ ಕೊಟ್ಟದ್ದು ಒಂದು ಸಾಲಿನ ಪ್ರಶ್ನೆಯೋ ಒಂಬತ್ತು ಪುಟದ ಕರಡೋ ಎಂಬುದು ಆ ಎಣಿಕೆಯಲ್ಲಿ ಎಲ್ಲೂ ಇಲ್ಲ. ಏನೂ ಓದದೆ ಒಂದು ಗುಂಡಿ ಒತ್ತಿ ಪ್ರಬಂಧ ಪಡೆದವನಿಗೂ ಅವಳಿಗೂ ಬರುವ ಅಂಕಿ ಒಂದೇ. ಕಾಲೇಜಿನಿಂದ ಹೊರಹಾಕಿದರೆ ಇಂಥವರಿಗೆ ವೀಸಾವೂ ಉಳಿಯುವುದಿಲ್ಲ, ಊರಿನ ಬ್ಯಾಂಕಿನ ಸಾಲ ಮಾತ್ರ ಉಳಿಯುತ್ತದೆ.

ಅನುವಾದ ಮಾಡಿಸಬಹುದೋ ಬಾರದೋ ಎಂದು ಆ ತರಗತಿಯ ನಿಯಮದಲ್ಲಿ ಬರೆದೇ ಇರಲಿಲ್ಲ. ದೂರು ಕೈಬಿಟ್ಟೆವು. ಯಾವ ಯಂತ್ರದ ಅಂಕಿಯೂ ಒಂಟಿಯಾಗಿ ಸಾಕ್ಷಿಯಲ್ಲ, ಕರಡು ನೋಡಬೇಕು, ವಿದ್ಯಾರ್ಥಿಯನ್ನು ಕೂರಿಸಿ ವಿಷಯ ಕೇಳಬೇಕು ಎಂದು ಸಮಿತಿಯ ನಡಾವಳಿಯಲ್ಲಿ ಬರೆಸಿದೆ. ಸಹೋದ್ಯೋಗಿ ಸಹಿ ಹಾಕುತ್ತಾ, ಹಾಗಾದರೆ ಪ್ರತಿ ದೂರಿಗೂ ಒಂದು ಗಂಟೆ ಹಿಡಿಯುತ್ತದೆ ಎಂದು ಗೊಣಗಿದರು. ಹೌದು, ಅಷ್ಟು ಹಿಡಿಯುತ್ತದೆ.