ಹೊಸ ಮನೆಗೊಂದು ಪರಿಮಳ

ಗೃಹಪ್ರವೇಶಕ್ಕೆ ಇನ್ನೂ ಹದಿನೈದು ದಿನ ಇದ್ದಾಗಲೇ ಅಮ್ಮ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಪೇಂಟ್ ವಾಸನೆ ಹೋಯ್ತೇನೇ?" ಅವಳಿಗೆ ಉಬ್ಬಸ. ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶದಲ್ಲಿ ಹೋಮದ ಹೊಗೆ, ಊದಿನಕಡ್ಡಿ, ರೂಮ್ ಫ್ರೆಶ್ನರ್ ಎಲ್ಲಾ ಸೇರಿ, ಇನ್‌ಹೇಲರ್ ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನಮ್ಮ ಮನೆಯಲ್ಲಿ ಹಾಲು ಉಕ್ಕುವಾಗ ಅವಳು ಒಲೆ ಮುಂದೆ ಇರಲೇಬೇಕಿತ್ತು.

ಹಾಗಾಗಿ ಪರಿಮಳಕ್ಕಿಂತ ಮೊದಲು ವಾಸನೆ ತೆಗೆಯುವ ಕೆಲಸ. ಗೋಡೆಯ ಪೇಂಟ್ ಬೇಗ ಸುಮ್ಮನಾಯಿತು. ಕಾಟ ಕೊಟ್ಟಿದ್ದು ಬಾಗಿಲಿನ ಎನಾಮಲ್, ವಾರ್ಡ್‌ರೋಬಿನ ಪಾಲಿಶ್. ದಿನಾ ಎದುರುಬದುರು ಕಿಟಕಿ ತೆರೆದು, ಡ್ರಾಯರ್‌ಗಳನ್ನು ಹೊರಗೆಳೆದಿಟ್ಟು, ಒಂದು ಕಿಟಕಿಗೆ ಮುಖ ಮಾಡಿ ಫ್ಯಾನ್ ಇಟ್ಟೆವು, ಒಳಗಿನ ಗಾಳಿ ಹೊರಗೆ ಹೋಗಲಿ ಅಂತ. ಹೋಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಒಂದು ರಾತ್ರಿ ಎಲ್ಲಾ ಮುಚ್ಚಿಟ್ಟು, ಬೆಳಿಗ್ಗೆ ಬಾಗಿಲು ತೆಗೆದಾಗಿನ ಮೊದಲ ಉಸಿರನ್ನೇ ನಂಬಬೇಕು. ಐದು ನಿಮಿಷ ಒಳಗೆ ನಿಂತರೆ ಮೂಗು ಒಗ್ಗಿಹೋಗಿರುತ್ತೆ.

ಟೈಲ್ಸಿನ ಸಿಮೆಂಟ್ ಕಲೆಗೆ ಕ್ಲೀನಿಂಗಿನವರು ಆಸಿಡ್ ತಂದಿದ್ದರು, ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಅದಕ್ಕೇ ಆಸಿಡ್ ಪೂರ್ತಿ ತೊಳೆದು ಒಣಗಿದ ಮೇಲೆ, ಬೇರೆ ದಿನ ಬ್ಲೀಚ್ ಮಾಡಿಸಿದೆ. ಕೊನೆಯ ಎರಡು ದಿನ ಫಿನಾಯಿಲೂ ಇಲ್ಲ, ಬರೀ ಸೋಪು ನೀರು.

ಇನ್ನು ಹೂವು. ಮಲ್ಲಿಗೆ ಅರಳೋದು ಸಂಜೆ. ನಮ್ಮ ಮುಹೂರ್ತವೋ ಬೆಳಗಿನ ಜಾವ. ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಿಂದ ಬಿಗಿ ಮೊಗ್ಗು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಿದ್ದರೆ ಅರಳೋದು ನಿಧಾನ. ಅದನ್ನು ದೇವರ ಮುಂದೆ ಮಾತ್ರ ಇಟ್ಟು, ಘಾಟು ಹೊಡೆಯುವ ಸುಗಂಧರಾಜನನ್ನು ಬಾಗಿಲ ಹೊರಗೇ ನಿಲ್ಲಿಸಿದೆ. ತೋರಣಕ್ಕೆ ಮಾವಿನ ಎಲೆ, ಚೆಂಡುಹೂ.

ಕಷ್ಟ ಅನಿಸಿದ್ದು ಹೊಗೆ. ಉಬ್ಬಸ ಇರುವವರಿಗೆ ಹೋಮದ ಹೊಗೆಯೂ ಹೊಗೆಯೇ. ಪುರೋಹಿತರಿಗೆ ಮೊದಲೇ ಹೇಳಿದ್ದೆ. ಹೋಮಕುಂಡ ಬಾಲ್ಕನಿ ಬಾಗಿಲ ಪಕ್ಕ, ಚೆನ್ನಾಗಿ ಒಣಗಿದ ಸಮಿತ್ತು, ಚಿಕ್ಕ ಬೆಂಕಿ. ಹಸಿ ಕಟ್ಟಿಗೆಯೇ ಹೆಚ್ಚು ಹೊಗೆಯಾಡೋದು. ಅಷ್ಟು ಹೊತ್ತೂ ಅಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಳು. ಅತ್ತೆ ಅಡುಗೆಮನೆಯಲ್ಲಿ ಒಂದು ಹಿಡಿ ಊದಿನಕಡ್ಡಿ ಹಚ್ಚೋಕೆ ಹೊರಟಾಗ, "ಅತ್ತೆ, ಸಾಂಬ್ರಾಣಿಯನ್ನೂ ಸೇರಿಸಿ ನಾಳೆ ಹಾಕೋಣ, ಅಮ್ಮ ಊರಿಗೆ ಹೊರಟ ಮೇಲೆ" ಅಂದೆ. ಸ್ವಲ್ಪ ಮುಖ ಸಣ್ಣಗಾಯಿತು, ಆದರೂ ಕಡ್ಡಿ ಒಳಗಿಟ್ಟರು.

ಹೋಮ ಮುಗಿದು ಒಂದು ಗಂಟೆ ಕಿಟಕಿಗಳನ್ನು ತೆರೆದಿಟ್ಟ ಮೇಲೆ ಅಮ್ಮನನ್ನು ಕರೆದೆ. ಹಾಲು ಉಕ್ಕಿತು, ಒಲೆಯ ಮೇಲೆ ಚೆಲ್ಲಿ ಸೀದೂ ಹೋಯಿತು. ಇಷ್ಟೆಲ್ಲಾ ಪ್ಲಾನಿನಲ್ಲಿ ಸೀದ ಹಾಲು ಇರಲೇ ಇಲ್ಲ. ಅಮ್ಮ ಉದ್ದಕ್ಕೆ ಉಸಿರೆಳೆದುಕೊಂಡು, "ಈಗ ಮನೆ ವಾಸನೆ ಬಂತು ನೋಡು" ಅಂದಳು. ಇನ್‌ಹೇಲರ್ ಬ್ಯಾಗಿನಲ್ಲೇ ಇತ್ತು.